ಕೋಆರ್ಡಿನೇಟ್ ಡಿಸೆಂಟ್ ನಿಂತುಬಿಟ್ಟಾಗ: ಓರೆ ಮಡಿಕೆಯೋ, ಇಕ್ಕಟ್ಟಿನ ಕಣಿವೆಯೋ?

ಲೂಪ್ ಮುಗಿದಿದೆ, ಎರರ್ ಏನೂ ಬಂದಿಲ್ಲ, ಫಂಕ್ಷನ್‌ನ ಬೆಲೆ ಇಳಿಯುವುದು ನಿಂತಿದೆ. ಆದರೂ ಬಂದ ಉತ್ತರ ಕನಿಷ್ಠ ಬಿಂದು ಅಲ್ಲ. ಒಂದು ಸಲಕ್ಕೆ ಒಂದೇ ವೇರಿಯಬಲ್ ಅನ್ನು ಅಲುಗಿಸುತ್ತಾ ಕನಿಷ್ಠಕ್ಕೆ ಇಳಿಯುವ ಕೋಆರ್ಡಿನೇಟ್ ಡಿಸೆಂಟ್ ಬಳಸುವವರಿಗೆ ಎದುರಾಗುವ ದೋಷಗಳಲ್ಲಿ ಕಂಡುಹಿಡಿಯಲು ಅತಿ ಕಷ್ಟವಾದದ್ದು ಇದೇ. ನನಗೆ ಇದು ಮೊದಲು ಸಿಕ್ಕಿದ್ದು 1000 ಅಳತೆಗಳ ಒಂದು ಸಿಗ್ನಲ್‌ನಲ್ಲಿ. ಅದು ಮೆಟ್ಟಿಲಿನ ಆಕಾರದಲ್ಲಿ ಏರಿಳಿಯುವ ಸಿಗ್ನಲ್. ಮೇಲೆ ಕೂತಿದ್ದ ಗದ್ದಲವನ್ನು ತೆಗೆಯಬೇಕಿತ್ತು, ಮೆಟ್ಟಿಲುಗಳು ಹಾಗೇ ಉಳಿಯಬೇಕಿತ್ತು. ಅದಕ್ಕಾಗಿ ಅಕ್ಕಪಕ್ಕದ ಬೆಲೆಗಳ ವ್ಯತ್ಯಾಸದ ಮೇಲೆ ದಂಡ ಹಾಕಿ ಈ ಮೊತ್ತವನ್ನು ಕನಿಷ್ಠಗೊಳಿಸಲು ಹೊರಟೆ:

```
½ Σ (w[i] − y[i])² + λ Σ |w[i+1] − w[i]|
```

ಇಲ್ಲಿ `y` ಅಳತೆಗಳು, `w` ನಾವು ಹುಡುಕುವ ಗೆರೆ, λ ದಂಡದ ತೂಕ. ಸೊನ್ನೆಯಿಂದ ಹೊರಟಾಗ ಉತ್ತರವಾಗಿ ಬಂದದ್ದು ಸೊನ್ನೆಯ ಮೇಲೇ ಮಲಗಿದ ಒಂದು ಗೆರೆ. `y` ಯಿಂದಲೇ ಹೊರಟಾಗ ಸಣ್ಣ ಸಣ್ಣ ಮೆಟ್ಟಿಲುಗಳ ಬೇರೊಂದು ಗೆರೆ ಬಂತು. ಈ ಫಂಕ್ಷನ್ ಕಾನ್ವೆಕ್ಸ್, ಇದಕ್ಕಿರುವುದು ಒಂದೇ ಕನಿಷ್ಠ ಬಿಂದು. ಹಾಗಿದ್ದ ಮೇಲೆ ಎರಡು ಉತ್ತರ ಬಂದವೆಂದರೆ ಕನಿಷ್ಠ ಪಕ್ಷ ಒಂದು ತಪ್ಪು. ಆಮೇಲೆ ನೋಡಿದರೆ ಎರಡೂ ತಪ್ಪಾಗಿದ್ದವು.

ಮೊದಲು ಮಾಡಬೇಕಾದ ಪರೀಕ್ಷೆ

ಕೋಡನ್ನು ತಿದ್ದಲು ಹೋಗುವ ಮೊದಲು ಎರಡು ಬೇರೆ ಬೇರೆ ಬಿಂದುಗಳಿಂದ ಹೊರಟು, ಪ್ರತಿ ಸುತ್ತಿನ ಕೊನೆಗೆ ಫಂಕ್ಷನ್‌ನ ಬೆಲೆಯನ್ನು ಪ್ರಿಂಟ್ ಮಾಡಿ. ಸುತ್ತು ಅಂದರೆ ಎಲ್ಲ ವೇರಿಯಬಲ್‌ಗಳನ್ನೂ ಒಂದೊಂದು ಸಲ ಮುಟ್ಟಿ ಬರುವುದು. ಬೆಲೆಯನ್ನು ಲೂಪಿನೊಳಗೆ ಇಟ್ಟುಕೊಂಡ ಲೆಕ್ಕದಿಂದ ತೆಗೆಯಬೇಡಿ, ಮೂಲ ಸೂತ್ರದಿಂದ ಹೊಸದಾಗಿ ಲೆಕ್ಕ ಹಾಕಿ. ಆಗ ಮೂರು ಚಿತ್ರಗಳಲ್ಲಿ ಒಂದು ಕಾಣುತ್ತದೆ.

ಬೆಲೆ ಒಂದೇ ಒಂದು ಸಲ ಏರಿದರೂ ಅದು ಕೋಡಿನ ತಪ್ಪು. ಉಳಿದ ವೇರಿಯಬಲ್‌ಗಳನ್ನು ಹಿಡಿದಿಟ್ಟು ಒಂದನ್ನು ಅದರ ಕನಿಷ್ಠಕ್ಕೇ ಒಯ್ದಾಗ ಬೆಲೆ ಏರಲು ದಾರಿಯೇ ಇಲ್ಲ. ಕೊನೆಯ ದಶಮಾಂಶದ ಸದ್ದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಸಾಮಾನ್ಯವಾಗಿ ಕಾರಣ ಎರಡರಲ್ಲಿ ಒಂದು: `w[j]` ಬದಲಾದ ಮೇಲೆ ಉಳಿಕೆಯನ್ನು, ಅಂದರೆ `y − Xw` ಅನ್ನು, ಸರಿಯಾಗಿ ಪರಿಷ್ಕರಿಸಿಲ್ಲ, ಇಲ್ಲವೇ `X` ಮ್ಯಾಟ್ರಿಕ್ಸಿನ ಆ ಕಾಲಂನ ವರ್ಗಮೊತ್ತದಿಂದ ಭಾಗಿಸುವುದು ಮರೆತಿದೆ.

ಬೆಲೆ ಸ್ವಲ್ಪವೂ ಅಲುಗದೆ ನಿಂತಿದ್ದು, ಎರಡು ಆರಂಭಗಳಿಂದ ಎರಡು ಬೇರೆ ಬೆಲೆಗಳಲ್ಲಿ ನಿಂತಿದ್ದರೆ ಅದು ಸಿಕ್ಕಿಕೊಂಡದ್ದು. ಎಷ್ಟು ಸುತ್ತು ಓಡಿಸಿದರೂ ಬಿಡುಗಡೆ ಇಲ್ಲ. ಇನ್ನು ಬೆಲೆ ಪ್ರತಿ ಸುತ್ತಿಗೂ ಚೂರು ಚೂರು ಇಳಿಯುತ್ತಲೇ ಇದ್ದರೆ ಅದು ನಿಧಾನದ ದೋಷ, ಅದಕ್ಕೆ ಮದ್ದು ಬೇರೆ. ಈ ಎರಡನ್ನು ಬೇರ್ಪಡಿಸದೆ `max_iter` ಏರಿಸುತ್ತಾ ಹೋಗುವುದರಲ್ಲಿ ನಾನು ಒಂದು ಇಡೀ ದಿನ ಕಳೆದೆ.

ಈ ಪರೀಕ್ಷೆ ಕಾನ್ವೆಕ್ಸ್ ಫಂಕ್ಷನ್‌ಗಳಿಗೆ ಮಾತ್ರ ಎಂಬುದು ನೆನಪಿರಲಿ. ಕಾನ್ವೆಕ್ಸ್ ಅಲ್ಲದಿದ್ದರೆ ಹಲವು ಕನಿಷ್ಠಗಳು ಇರಬಹುದು, ಆಗ ಬೇರೆ ಬೇರೆ ಉತ್ತರ ಬರುವುದು ದೋಷದ ಲಕ್ಷಣವೇ ಅಲ್ಲ. ಅಲ್ಲಿ ವಿಧಾನ ಒಂದು ಕಡೆ ನೆಲೆ ನಿಲ್ಲದೆಯೂ ಹೋಗಬಹುದು. ಮೂರೇ ವೇರಿಯಬಲ್‌ಗಳಿದ್ದರೂ ಲೂಪ್ ಒಂದು ಘನದ ಆರು ಮೂಲೆಗಳ ಸುತ್ತ ಸುತ್ತುತ್ತಲೇ ಇರುವ ಉದಾಹರಣೆಯನ್ನು 1973ರಲ್ಲೇ ಪೊವೆಲ್ ಕೊಟ್ಟಿದ್ದಾರೆ.

ಸಿಕ್ಕಿಕೊಳ್ಳುವುದು ಎಲ್ಲಿ

1000 ಅಳತೆಗಳ ಸಮಸ್ಯೆಯನ್ನು ದಿಟ್ಟಿಸುತ್ತಾ ಕೂತರೆ ಏನೂ ಹೊಳೆಯುವುದಿಲ್ಲ. ಅದನ್ನು ಎರಡು ವೇರಿಯಬಲ್‌ಗಳಿಗೆ ಇಳಿಸಿದರೆ ಎಲ್ಲವೂ ಕೈಗೆ ಸಿಗುತ್ತದೆ. ಅಳತೆಗಳು 1 ಮತ್ತು 3, λ = 4 ಎಂದುಕೊಳ್ಳೋಣ:

```
f(x, y) = ½(x − 1)² + ½(y − 3)² + 4|x − y|
```

(0, 0) ಇಂದ ಹೊರಡಿ. ಅಲ್ಲಿ ಬೆಲೆ 5. `y` ಅನ್ನು 0 ಗೆ ಹಿಡಿದು `x` ಅನ್ನು ಮಾತ್ರ ಅಲುಗಿಸಿದರೆ ಉಳಿಯುವುದು `½(x − 1)² + 4|x|`. ಮೊದಲ ಪದ `x` ಅನ್ನು 1ರ ಕಡೆಗೆ ಎಳೆಯುವ ಬಲ 1, ದಂಡದ ಪದ 0 ಗೆ ಹಿಡಿದಿಡುವ ಬಲ 4. ಹಾಗಾಗಿ `x` ಕದಲುವುದಿಲ್ಲ. `y` ಗೆ ಎಳೆತ 3, ಹಿಡಿತ 4, ಅದೂ ಕದಲುವುದಿಲ್ಲ. ಸುತ್ತು ಮುಗಿಯಿತು, ಏನೂ ಬದಲಾಗಲಿಲ್ಲ, ಲೂಪ್ ತನ್ನ ಕೆಲಸ ಆಯಿತೆಂದು ನಿಲ್ಲುತ್ತದೆ.

ನಿಜವಾದ ಕನಿಷ್ಠ ಇರುವುದು (2, 2) ರಲ್ಲಿ, ಬೆಲೆ 1. ಅಲ್ಲಿಗೆ ಹೋಗಬೇಕಾದರೆ `x`, `y` ಎರಡೂ ಒಟ್ಟಿಗೆ ಹೆಜ್ಜೆ ಇಡಬೇಕು. ಎರಡನ್ನೂ 0.1 ಸರಿಸಿ ನೋಡಿ: ಬೆಲೆ 4.61ಕ್ಕೆ ಇಳಿಯುತ್ತದೆ. `x` ಅನ್ನು ಮಾತ್ರ 0.1 ಸರಿಸಿದರೆ 5.305, `y` ಅನ್ನು ಮಾತ್ರ ಸರಿಸಿದರೆ 5.105, ಎರಡೂ ಏರಿಕೆಯೇ. ಇಳಿಯುವ ದಾರಿ ಕಣ್ಣೆದುರಿಗೇ ಇದೆ, ಆದರೆ ಅದು ಓರೆಯಾಗಿದೆ. ನಮ್ಮ ವಿಧಾನಕ್ಕೆ ಓರೆಯಾಗಿ ನಡೆಯಲು ಬರುವುದಿಲ್ಲ.

ಈಗ ಅಳತೆಗಳಿಂದಲೇ, ಅಂದರೆ (1, 3) ರಿಂದ, ಹೊರಡಿ. `x` ಅನ್ನು ಮೊದಲು ಮುಟ್ಟಿದರೆ ಅದು ಹೋಗಿ `y` ಗೆ ಅಂಟಿ 3 ಆಗುತ್ತದೆ, ಅಲ್ಲಿಗೆ (3, 3) ರಲ್ಲಿ ಆಟ ಮುಗಿಯುತ್ತದೆ. `y` ಅನ್ನು ಮೊದಲು ಮುಟ್ಟಿದರೆ (1, 1) ರಲ್ಲಿ ಮುಗಿಯುತ್ತದೆ. ಎರಡೂ ಕಡೆ ಬೆಲೆ 2. ನಿಜಕ್ಕೂ `x = y = t` ಎಂಬ ಗೆರೆಯ ಮೇಲೆ `t` −1 ರಿಂದ 5ರ ತನಕ ಎಲ್ಲಿದ್ದರೂ ಲೂಪ್ ಅಲ್ಲೇ ಕೂತುಬಿಡುತ್ತದೆ. ಆರಂಭ ಬದಲಾದರೆ ಉತ್ತರ ಬದಲಾಗುತ್ತದೆ, ವೇರಿಯಬಲ್‌ಗಳನ್ನು ಮುಟ್ಟುವ ಕ್ರಮ ಬದಲಾದರೂ ಉತ್ತರ ಬದಲಾಗುತ್ತದೆ. ಕಾನ್ವೆಕ್ಸ್ ಸಮಸ್ಯೆಯಲ್ಲಿ ಕ್ರಮ ಬದಲಿಸಿದ್ದಕ್ಕೆ ಕೊನೆಯ ಬೆಲೆ ಬದಲಾದರೆ ಬೇರೆ ಸಾಕ್ಷಿ ಬೇಕಿಲ್ಲ.

ಕಾರಣವನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದಾದರೆ, ಫಂಕ್ಷನ್‌ನ ಮೇಲ್ಮೈಯನ್ನು ಒಂದು ಕಾಗದ ಅಂದುಕೊಳ್ಳಿ. ವರ್ಗದ ಪದಗಳು ಅದನ್ನು ನಯವಾದ ಬಟ್ಟಲಿನಂತೆ ಬಗ್ಗಿಸುತ್ತವೆ. `|x − y|` ಅದರಲ್ಲಿ `x = y` ಗೆರೆಯುದ್ದಕ್ಕೂ ಒಂದು ಚೂಪಾದ ಮಡಿಕೆ ಹಾಕುತ್ತದೆ. ಮಡಿಕೆಯ ತಳಕ್ಕೆ ಇಳಿದ ಮೇಲೆ ಮುಂದಿನ ಇಳಿಜಾರು ಇರುವುದು ಮಡಿಕೆಯ ಉದ್ದಕ್ಕೆ. ಆದರೆ ನಾವು ಅಲುಗಬಲ್ಲ ಎರಡು ದಿಕ್ಕುಗಳೂ ಮಡಿಕೆಯ ಗೋಡೆಯನ್ನೇ ಹತ್ತಿಸುತ್ತವೆ.

ಬಟ್ಟಲು ಪೂರ್ತಿ ನಯವಾಗಿದ್ದು ಕಾನ್ವೆಕ್ಸ್ ಆಗಿದ್ದರೆ ಈ ತೊಂದರೆ ಬರುವುದಿಲ್ಲ. ಪ್ರತಿ ಅಕ್ಷದ ದಿಕ್ಕಿನಲ್ಲೂ ಇಳಿಜಾರು ಸೊನ್ನೆ ಎಂದರೆ ಗ್ರೇಡಿಯೆಂಟೇ ಸೊನ್ನೆ, ಅಲ್ಲೇ ಕನಿಷ್ಠ. ಮಡಿಕೆ ಇದ್ದಲ್ಲಿ ಗ್ರೇಡಿಯೆಂಟ್ ಎಂಬುದೇ ಇಲ್ಲದ್ದರಿಂದ ಈ ತರ್ಕ ಮುರಿಯುತ್ತದೆ.

ಹಾಗೆಂದು ಮಡಿಕೆ ಇದ್ದ ಕಡೆಯೆಲ್ಲ ವಿಧಾನ ಸೋಲುತ್ತದೆ ಎಂದಲ್ಲ. ದಂಡ `|x| + |y|` ಆಗಿದ್ದರೆ ಮಡಿಕೆಗಳು ಅಕ್ಷಗಳಿಗೆ ನೇರವಾಗಿ ಬೀಳುತ್ತವೆ. `x = 0` ಮಡಿಕೆಯ ಉದ್ದಕ್ಕೆ ನಡೆಯುವುದೆಂದರೆ `y` ಅನ್ನು ಮಾತ್ರ ಅಲುಗಿಸುವುದು, ಅದೇ ತಾನೇ ನಮಗೆ ಬರುವ ನಡಿಗೆ. ನಯವಾದ ಕಾನ್ವೆಕ್ಸ್ ಭಾಗದ ಜೊತೆ ಕೂಡಿರುವ ಮಡಿಕೆಯ ಭಾಗ ಒಂದೊಂದು ವೇರಿಯಬಲ್‌ಗೂ ಬಿಡಿಬಿಡಿಯಾಗಿ ಒಡೆಯುವಂತಿದ್ದರೆ ಸಿಕ್ಕಿಕೊಳ್ಳುವ ಭಯವಿಲ್ಲ. ಇದನ್ನು ಪಾಲ್ ತ್ಸೆಂಗ್ 2001ರಲ್ಲಿ ಸಾಕಷ್ಟು ವಿಶಾಲವಾದ ಷರತ್ತುಗಳಲ್ಲಿ ಸಾಧಿಸಿ ತೋರಿಸಿದರು. ಹಾಗಾಗಿ ಸಮಸ್ಯೆ ಕೈಗೆ ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ ಇದು: ಮಾಡ್ಯುಲಸ್ ಗೆರೆಗಳ ಒಳಗೆ ಎರಡು ವೇರಿಯಬಲ್‌ಗಳು ಒಟ್ಟಿಗೆ ಕೂತಿವೆಯೇ?

ಬಂಧನದ ಸಮೀಕರಣಗಳೂ ಇದೇ ದೋಷವನ್ನು ಇನ್ನೂ ಗಟ್ಟಿಯಾಗಿ ತರುತ್ತವೆ. `x + y = 1` ಎಂಬ ಷರತ್ತು ಇದ್ದರೆ ಒಂದನ್ನು ಹಿಡಿದಿಟ್ಟ ಮೇಲೆ ಇನ್ನೊಂದಕ್ಕೆ ಜಾಗವೇ ಉಳಿಯದು. ಬಯಾಸ್ ಪದ ಇರುವ ಸಪೋರ್ಟ್ ವೆಕ್ಟರ್ ಮಷೀನ್‌ನ ಡ್ಯುಯಲ್ ಸಮಸ್ಯೆಯಲ್ಲಿ ಇಂಥದೇ ಷರತ್ತಿದೆ. ಪ್ಲಾಟ್ 1998ರಲ್ಲಿ ಕೊಟ್ಟ ಎಸ್‌ಎಂಒ ವಿಧಾನ ಎರಡೆರಡು ವೇರಿಯಬಲ್‌ಗಳನ್ನು ಒಟ್ಟಿಗೆ ಅಲುಗಿಸುವುದು ಇದಕ್ಕೇ. ಆದರೆ `0 ≤ x ≤ 1`, `0 ≤ y ≤ 1` ಥರದ ಪೆಟ್ಟಿಗೆಯ ಷರತ್ತು ತೊಂದರೆ ಕೊಡುವುದಿಲ್ಲ, ಅದು ವೇರಿಯಬಲ್‌ಗೊಂದು ಬಿಡಿಯಾಗಿ ಇದೆ.

ಸರಿಯಾಗಿ ನಡೆಯುವ ಮನೆ: ಲಾಸೊ

ಲಾಸೊ ಅಂದರೆ ವರ್ಗದ ಪದಕ್ಕೆ ಪ್ರತಿ `|w[j]|` ನ ದಂಡವನ್ನು ಬಿಡಿಬಿಡಿಯಾಗಿ ಸೇರಿಸಿದ ಸಮಸ್ಯೆ. ಹೋಲಿಕೆಗೆ ಅದರ ಒಂದು ಆರೋಗ್ಯವಂತ ಕೋಡ್ ಕೈಯಲ್ಲಿರಲಿ. ದೋಷ ಸಮಸ್ಯೆಯದೋ ಕೋಡಿನದೋ ಎಂಬ ಗೊಂದಲ ಬಂದಾಗ ನಾನು ಮೊದಲು ಇದನ್ನು ಓಡಿಸುತ್ತೇನೆ.

```python
import numpy as np

def cd_lasso(X, y, alpha, w, cycles):
    n, p = X.shape
    L = (X**2).sum(axis=0) / n
    r = y - X @ w
    for _ in range(cycles):
        for j in range(p):
            old = w[j]
            z = X[:, j] @ r / n + L[j] * old
            w[j] = np.sign(z) * max(abs(z) - alpha, 0) / L[j]
            r -= X[:, j] * (w[j] - old)
    return w
```

ಇಲ್ಲಿ ಒಂದು ವೇರಿಯಬಲ್‌ನ ಕನಿಷ್ಠ ಒಂದೇ ಸಾಲಿನ ಸೂತ್ರದಲ್ಲಿ ಸಿಗುತ್ತದೆ, ಹೆಜ್ಜೆಯ ಉದ್ದ ಎಷ್ಟಿರಬೇಕೆಂದು ಊಹಿಸುವ ತಾಪತ್ರಯವಿಲ್ಲ. ಉಳಿಕೆ `r` ಅನ್ನು ಜೊತೆಯಲ್ಲೇ ಇಟ್ಟುಕೊಂಡಿರುವುದರಿಂದ ಒಂದು ಹೆಜ್ಜೆಗೆ ಒಂದೇ ಕಾಲಂ ಓದಿದರೆ ಸಾಕು. ಎಲ್ಲ `p` ಕಾಲಂಗಳ ಒಂದು ಸುತ್ತಿನ ಖರ್ಚು ಗ್ರೇಡಿಯೆಂಟ್ ಡಿಸೆಂಟ್‌ನ ಒಂದೇ ಒಂದು ಹೆಜ್ಜೆಯ ಖರ್ಚಿನ ಆಸುಪಾಸು. ಕಾಲಂನಲ್ಲಿ ಬಹುಪಾಲು ಸೊನ್ನೆಗಳಿದ್ದು, ಮ್ಯಾಟ್ರಿಕ್ಸನ್ನು ಸೊನ್ನೆ ಬಿಟ್ಟು ಉಳಿದದ್ದನ್ನು ಮಾತ್ರ ಕಾಲಂವಾರು ಇಡುವ ರೂಪದಲ್ಲಿ ಇಟ್ಟಿದ್ದರೆ ಹೆಜ್ಜೆ ಇನ್ನೂ ಅಗ್ಗ. ಪೂರ್ತಿ ಸೊನ್ನೆಯಾದ ಕಾಲಂ ಇದ್ದರೆ ಮಾತ್ರ `L[j]` ಸೊನ್ನೆಯಾಗಿ ಭಾಗಾಕಾರ ಕೆಡುತ್ತದೆ, ಅಂಥದನ್ನು ಮೊದಲೇ ತೆಗೆದುಹಾಕಿ.

ಉತ್ತರ ನಿಜವಾಗಿ ಕನಿಷ್ಠವೇ ಎಂದು ತಿಳಿಯಲು ಉಳಿಕೆಯನ್ನು ಹೊಸದಾಗಿ ಲೆಕ್ಕ ಹಾಕಿ ಈ ಸಾಲುಗಳನ್ನು ಓಡಿಸಿ:

```python
g = X.T @ (y - X @ w) / len(y)
viol = np.where(w != 0, abs(g - alpha * np.sign(w)),
                np.maximum(abs(g) - alpha, 0)).max()
```

`viol` ಸೊನ್ನೆಗೆ ತೀರಾ ಹತ್ತಿರವಿದ್ದರೆ ಕೆಲಸ ಸರಿ. ಲಾಸೊದಲ್ಲಿ ಈ ಪರೀಕ್ಷೆ ನಂಬಲರ್ಹ, ಏಕೆಂದರೆ ಮಡಿಕೆಗಳು ಅಕ್ಷಕ್ಕೆ ನೇರ. ಓರೆ ಮಡಿಕೆಯ ಸಮಸ್ಯೆಗೆ ಇದೇ ಮಾದರಿಯಲ್ಲಿ ಒಂದೊಂದೇ ವೇರಿಯಬಲ್ ನೋಡುವ ಪರೀಕ್ಷೆ ಬರೆದರೆ ಅದು ಮೋಸ ಮಾಡುತ್ತದೆ: ಮೇಲಿನ (0, 0) ಬಿಂದು ಅಂಥ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಅಲ್ಲಿ ಒಂದೇ ಬೆಲೆಗೆ ಅಂಟಿಕೊಂಡ ವೇರಿಯಬಲ್‌ಗಳ ಗುಂಪನ್ನು ಇಡಿಯಾಗಿ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸರಿಸಿ ಬೆಲೆ ಇಳಿಯುತ್ತದೆಯೇ ಎಂದು ನೋಡಬೇಕು.

ಮಡಿಕೆಯನ್ನು ತಿರುಗಿಸುವುದು, ಅದಕ್ಕೆ ತೆರಬೇಕಾದ ಬೆಲೆ

ಓರೆ ಮಡಿಕೆಗೆ ನೇರವಾದ ಪರಿಹಾರ ವೇರಿಯಬಲ್‌ಗಳನ್ನೇ ಬದಲಿಸುವುದು. `x = u`, `y = u + d` ಎಂದು ಬರೆಯಿರಿ. ಆಗ ದಂಡ `4|d|`, ಮಾಡ್ಯುಲಸ್ ಒಳಗೆ ಒಂದೇ ವೇರಿಯಬಲ್. `u = d = 0` ಇಂದ ಹೊರಟರೆ `u` ಮೊದಲ ಹೆಜ್ಜೆಯಲ್ಲೇ 2 ಆಗುತ್ತದೆ. ನಂತರ `d` ಗೆ ಎಳೆತ 1, ಹಿಡಿತ 4, ಅದು ಸೊನ್ನೆಯಲ್ಲೇ ಉಳಿಯುತ್ತದೆ. ಒಂದೇ ಸುತ್ತಿನಲ್ಲಿ (2, 2) ಕೈಗೆ ಬಂತು.

ಮಾಡ್ಯುಲಸ್ ಬದಲು `√((x − y)² + ε)` ಹಾಕಿ ಮಡಿಕೆಯನ್ನೇ ನಯಗೊಳಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಸಿದ್ಧಾಂತಕ್ಕೆ ಅದು ಸರಿ, ಆದರೆ ε ಚಿಕ್ಕದಾದಷ್ಟೂ ಮಡಿಕೆಯಿದ್ದ ಜಾಗದಲ್ಲಿ ಇಕ್ಕಟ್ಟಾದ ಓರೆ ಕಣಿವೆ ಹುಟ್ಟುತ್ತದೆ, ಸಿಕ್ಕಿಕೊಳ್ಳುವ ಬದಲು ತೆವಳುತ್ತೀರಿ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

1000 ಅಳತೆಗಳಿಗೂ ವೇರಿಯಬಲ್ ಬದಲಿಸುವ ದಾರಿಯೇ ಹಿಡಿದೆ: `w[1] = u`, ಆಮೇಲಿನ ಪ್ರತಿ `w` ತನ್ನ ಹಿಂದಿನದರ ಜೊತೆಗೆ ಒಂದು `d`. ಇದು ಲಾಸೊ ರೂಪಕ್ಕೆ ಬರುತ್ತದೆ, `u` ಗೆ ಮಾತ್ರ ದಂಡವಿಲ್ಲ. ಸಿಕ್ಕಿಕೊಳ್ಳುವುದು ನಿಂತಿತು. ಆದರೆ ಎರಡನೆಯ ದೋಷ ತಲೆ ಎತ್ತಿತು. ಈ ಹೊಸ ಸಮಸ್ಯೆಯ ಮ್ಯಾಟ್ರಿಕ್ಸ್ ಕೆಳತ್ರಿಕೋನದ ತುಂಬ 1ಗಳು: ಮೊದಲ ಕಾಲಂನಲ್ಲಿ 1000 ಒಂದುಗಳು, ಎರಡನೆಯದರಲ್ಲಿ 999. ಈ ಎರಡು ಕಾಲಂಗಳ ನಡುವಿನ ಕೊಸೈನ್ √(999/1000), ಅಂದರೆ ಸುಮಾರು 0.9995. ಅವು ಹೆಚ್ಚುಕಡಿಮೆ ಒಂದೇ ಕಾಲಂ.

ನಿಧಾನವನ್ನು ಅಳೆಯುವುದು

ಇಂಥ ಜೋಡಿ ಎಷ್ಟು ಕಾಡುತ್ತದೆಂದು ಎರಡು ವೇರಿಯಬಲ್‌ಗಳಲ್ಲೇ ನೋಡಬಹುದು. `½(x² + 2ρxy + y²)` ಎಂಬ ನಯವಾದ ಬಟ್ಟಲಿನಲ್ಲಿ ಹೆಜ್ಜೆಗಳು `x ← −ρy`, `y ← −ρx`. ಹಾಗಾಗಿ ಪ್ರತಿ ಸುತ್ತಿಗೆ ದೋಷ `ρ²` ಪಟ್ಟು ಆಗುತ್ತದೆ. ದೋಷವನ್ನು ಹತ್ತು ಲಕ್ಷದ ಒಂದು ಭಾಗಕ್ಕೆ ಇಳಿಸಲು ρ = 0.9 ಇದ್ದರೆ 66 ಸುತ್ತು ಸಾಕು, 0.99 ಇದ್ದರೆ 688 ಬೇಕು, 0.999 ಇದ್ದರೆ 6900 ದಾಟುತ್ತದೆ.

ಸುತ್ತುಗಳು ಹೆಚ್ಚಾಗುವುದಕ್ಕಿಂತ ಅಪಾಯಕಾರಿ ಎಂದರೆ ಬೇಗ ನಿಂತುಬಿಡುವುದು. ಒಂದು ಸುತ್ತಿನಲ್ಲಿ ವೇರಿಯಬಲ್‌ಗಳು 0.0001ಕ್ಕಿಂತ ಕಡಿಮೆ ಬದಲಾದರೆ ಸಾಕು, ನಿಲ್ಲಿಸು ಎಂದು ಬರೆದಿರುತ್ತೇವೆ. ಆದರೆ ಸುತ್ತಿಗೆ `q` ಪಟ್ಟು ಇಳಿಯುವ ಸರಣಿಯಲ್ಲಿ ಇನ್ನೂ ಉಳಿದಿರುವ ದೂರ ಕೊನೆಯ ಹೆಜ್ಜೆಯ `q/(1 − q)` ಪಟ್ಟು. ρ = 0.99 ಆದಾಗ ಅದು ಸುಮಾರು 49 ಪಟ್ಟು, ρ = 0.999 ಆದಾಗ ಸುಮಾರು 499 ಪಟ್ಟು. ಹೆಜ್ಜೆ ಚಿಕ್ಕದಾಯಿತೆಂದು ನಿಲ್ಲಿಸಿದ ಕೋಡ್ ಗುರಿಯಿಂದ 0.05ರಷ್ಟು ದೂರವೇ ಉಳಿದಿರಬಹುದು. ಆದ್ದರಿಂದ ಸತತ ಎರಡು ಸುತ್ತುಗಳ ಬದಲಾವಣೆಯ ಅನುಪಾತವನ್ನು ಪ್ರಿಂಟ್ ಮಾಡಿ. ಅದು 0.98, 0.998 ಎಂದು 1ರ ಹತ್ತಿರ ನೆಲೆ ನಿಂತಿದ್ದರೆ ದೋಷ ಯಾವುದೆಂದು ಗೊತ್ತಾದಂತೆಯೇ. ನಿಲ್ಲಿಸಲು `viol` ನೋಡಿ, ಇಲ್ಲವೇ ಈಗಿನ ಬೆಲೆ ಕನಿಷ್ಠಕ್ಕಿಂತ ಹೆಚ್ಚೆಂದರೆ ಎಷ್ಟು ಮೇಲಿದೆ ಎಂದು ಹೇಳುವ ಡ್ಯುಯಾಲಿಟಿ ಗ್ಯಾಪ್ ನೋಡಿ, ಹೆಜ್ಜೆಯ ಉದ್ದವನ್ನಲ್ಲ. scikit-learn ನ `Lasso` ಈ ಗ್ಯಾಪ್ ಅನ್ನು `dual_gap_` ಎಂದು ಕೊಡುತ್ತದೆ, `max_iter` ಮುಗಿದರೂ ಗ್ಯಾಪ್ ತಗ್ಗದಿದ್ದರೆ `ConvergenceWarning` ಎಂದು ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಅಡಗಿಸಬೇಡಿ.

ಇಲ್ಲಿ ಹಲವರು ಮಾಡುವ ಒಂದು ವ್ಯರ್ಥ ಪ್ರಯತ್ನವಿದೆ: ಕಾಲಂಗಳ ಅಳತೆಯನ್ನು ಸಮ ಮಾಡುವುದು. ಗ್ರೇಡಿಯೆಂಟ್ ಡಿಸೆಂಟ್‌ಗೆ ಅದು ಸಹಾಯ ಮಾಡುತ್ತದೆ. ನಮ್ಮ ವಿಧಾನ ಪ್ರತಿ ಹೆಜ್ಜೆಯಲ್ಲೂ ಆ ಕಾಲಂನ ಅಳತೆಯಿಂದ ಹೇಗೂ ಭಾಗಿಸುತ್ತದೆ, ಹಾಗಾಗಿ ದಂಡವಿಲ್ಲದ ವರ್ಗದ ಸಮಸ್ಯೆಯಲ್ಲಿ ಅಳತೆ ಬದಲಿಸಿದರೂ ನಡೆಯುವ ದಾರಿ ಅದೇ. ದಂಡವಿದ್ದರೆ ಅಳತೆ ಬದಲಿಸುವುದೆಂದರೆ ಸಮಸ್ಯೆಯನ್ನೇ ಬದಲಿಸುವುದು. ಮುಖ್ಯವಾಗಿ, ಕಾಲಂಗಳ ನಡುವಿನ ಕೋನ ಇದರಿಂದ ಬದಲಾಗದು.

ಕೋನವನ್ನೇ ಮುಟ್ಟುವ ಮದ್ದು ಬೇರೆ. ವರ್ಗದ ದಂಡವನ್ನು ಸ್ವಲ್ಪ ಸೇರಿಸಿದರೆ, ಅಂದರೆ ಎಲಾಸ್ಟಿಕ್ ನೆಟ್ ಮಾಡಿದರೆ, ಮೇಲಿನ ಉದಾಹರಣೆಯಲ್ಲಿ ρ ಬದಲು `ρ/(1 + λ₂)` ಬರುತ್ತದೆ. ρ = 0.99, λ₂ = 0.1 ಇಟ್ಟರೆ ಅದು ಸರಿಯಾಗಿ 0.9, ಅಂದರೆ 688 ಸುತ್ತುಗಳ ಕೆಲಸ 66ಕ್ಕೆ ಇಳಿಯಿತು. ಉತ್ತರವೂ ಬದಲಾಗುತ್ತದೆ ಎಂಬುದನ್ನು ಒಪ್ಪಿಕೊಂಡು ಮಾಡಬೇಕಾದ ಕೆಲಸ ಇದು. ಉತ್ತರ ಬದಲಾಗಬಾರದು ಎಂದರೆ ದೊಡ್ಡ ದಂಡದಿಂದ ಹೊರಟು ಮೆಲ್ಲಗೆ ಇಳಿಸುತ್ತಾ, ಹಿಂದಿನ ಉತ್ತರದಿಂದಲೇ ಮುಂದಿನದನ್ನು ಆರಂಭಿಸಿ. ಲಾಸೊದಲ್ಲಿ `max|Xᵀy|/n` ಇದ್ದಾಗ ಎಲ್ಲ `w` ಸೊನ್ನೆ, ಅದೇ ಮೊದಲ ಮೆಟ್ಟಿಲು. ಪ್ರತಿ ಮೆಟ್ಟಿಲಿನಲ್ಲೂ ಸೊನ್ನೆಯಲ್ಲದ ವೇರಿಯಬಲ್‌ಗಳ ಮೇಲಷ್ಟೇ ಸುತ್ತಿ, ಕೊನೆಗೆ ಎಲ್ಲದರ ಮೇಲೆ ಒಂದು ಸುತ್ತು ಹಾಕಿ ಯಾವುದೂ ತಪ್ಪಿಲ್ಲವೆಂದು ನೋಡಿದರೆ ಸಾಕು. ಆ ಕೆಲವೇ ಕಾಲಂಗಳು ಒಂದರಿಂದೊಂದು ದೂರವಿದ್ದರೆ ಓಟ ಚುರುಕಾಗಿರುತ್ತದೆ.

ನನ್ನ ಸಿಗ್ನಲ್‌ನಲ್ಲಿ ಹೀಗೆಯೇ ಆಯಿತು. ಮೆಟ್ಟಿಲುಗಳು ಕೆಲವೇ ಇದ್ದು ಒಂದಕ್ಕೊಂದು ದೂರವಿದ್ದಾಗ ಹೊಸ ವೇರಿಯಬಲ್‌ಗಳ ಲೂಪ್ ಸಲೀಸಾಗಿ ಮುಗಿಯುತ್ತಿತ್ತು. λ ಕಡಿಮೆ ಮಾಡಿ ಅಕ್ಕಪಕ್ಕದಲ್ಲೇ ಹಲವು ಮೆಟ್ಟಿಲುಗಳು ಎದ್ದ ಕೂಡಲೇ ಅನುಪಾತ 0.99 ದಾಟಿ ತೆವಳತೊಡಗಿತು. ಸಾಲಾಗಿ ನಿಂತ ಅಳತೆಗಳ ಈ ನಿರ್ದಿಷ್ಟ ಸಮಸ್ಯೆಗೆ ಡೈನಾಮಿಕ್ ಪ್ರೋಗ್ರಾಮಿಂಗ್‌ನಿಂದ, ಅಳತೆಗಳ ಸಂಖ್ಯೆಗೆ ಅನುಪಾತವಾದ ಸಮಯದಲ್ಲಿ, ನಿಖರ ಉತ್ತರ ಕೊಡುವ ವಿಧಾನವಿದೆ. ಕೊನೆಗೆ ಅದನ್ನೇ ಬಳಸಿದೆ. ಅದರ ಬೆಲೆಯನ್ನು ಹಳೆಯ ಲೂಪಿನ ಎರಡು ಉತ್ತರಗಳ ಬೆಲೆಗಳ ಪಕ್ಕ ಇಟ್ಟು ನೋಡಿದಾಗಲೇ ಆ ಎರಡೂ ಕನಿಷ್ಠಕ್ಕಿಂತ ಮೇಲೆ ನಿಂತಿದ್ದವೆಂದು ಖಾತ್ರಿಯಾದದ್ದು.